ಒಂದು ದಿನ ಹೆಚ್ಚು

ನಾನು ಅನುಮಾನದ ಹೆಂಗಸು, ಒಪ್ಪಿಕೊಳ್ಳುತ್ತೇನೆ. ಕೋರ್ಟಿನಲ್ಲಿ ಟೈಪಿಸ್ಟಾಗಿ ಜನರ ಸುಳ್ಳುಗಳನ್ನು ಟೈಪು ಮಾಡಿ ಮಾಡಿ ಬಂದ ಗುಣ ಅದು. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ದಿನ ಜಹೀರಾಬಾದಿನ ನಮ್ಮ ಮನೆಯಲ್ಲಿ ಊಟವಿತ್ತು. ನನ್ನ ಗಂಡನ ಬಾಲ್ಯದ ಗೆಳೆಯರಾದ ತಾಂಡೂರಿನ ಗಣಿತದ ಮಾಸ್ತರು ಶರಬತ್ತಿನ ಗ್ಲಾಸು ಎತ್ತಿ ಹಿಡಿದು ನನ್ನ ಕಡೆ ತಿರುಗಿ ನಿಂತರು.

"ವೈನಿಯವರs, ನಿಮ್ಮ ಲಗ್ನಾಗಿ ಇವತ್ತಿಗೆ ಬರೋಬ್ಬರಿ ಒಂಬತ್ತು ಸಾವಿರದ ಒಂದನೂರಾ ಮೂವತ್ತೆರಡು ದಿನ ಆತು! ಇನ್ನೂ ಇಷ್ಟs ದಿನ ಕೂಡಿ ಬಾಳ್ರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮುನ್ನೂರ ಅರವತ್ತೈದನ್ನು ಇಪ್ಪತ್ತೈದರಿಂದ ಗುಣಿಸಿದರೆ ಒಂಬತ್ತು ಸಾವಿರದ ನೂರ ಇಪ್ಪತ್ತೈದು. ನಮ್ಮದು ಐವತ್ತೇಳರ ಬೇಸಿಗೆಯ ಮದುವೆ. ಅರವತ್ತರಿಂದ ಎಂಬತ್ತರವರೆಗೆ ಫೆಬ್ರವರಿ ಇಪ್ಪತ್ತೊಂಬತ್ತು ಬಂದದ್ದು ಆರು ಸಲ. ಕೂಡಿಸಿದರೆ ಕೊನೆಗೆ ಮೂವತ್ತೆರಡಲ್ಲ, ಮೂವತ್ತೊಂದು ಬರಬೇಕು.

"ಇವತ್ತಿನ ದಿನಾನೂ ಹಿಡಿದ್ರೇನ್ರಿ?" ಎಂದು ಕೇಳಿದೆ.

"ಇಲ್ರಿ, ಇವತ್ತು ಇನ್ನಾ ಮುಗಿದಿಲ್ಲ."

"ಹಂಗಾದ್ರ ಒಂದು ದಿನ ಹೆಚ್ಚು ಆತಲ್ರಿ."

ಮಾಸ್ತರು ನಕ್ಕರು. "ಹೆಚ್ಚು ಹ್ಯಾಂಗಾಗ್ತದ್ರಿ? ಲಗ್ನದ ಹಿಂದಿನ ದಿನ ಧಾರೂರಿನ ಹೊಲದಾಗ ಎಕ್ಕದ ಗಿಡಕ್ಕ ಇವನ ಕೈಲೆ ತಾಳಿ ಕಟ್ಟಿಸಿದಾವ ನಾನs ಅಲ್ರಿ! ಅಲ್ಲಿಂದs ಎಣಿಸೀನಿ."

ಗಂಡನ ಮುಖ ಬಿಳಿಚಿತು. ನನಗೆ ಗೊತ್ತಿರಬಹುದೆಂದು ಮಾಸ್ತರು ತಿಳಿದಿದ್ದರು, ಪಾಪ. ನನಗೆ ಗೊತ್ತಿದ್ದದ್ದು ಬೇರೆ: ನನಗಿಂತ ಮೊದಲು ಇವರಿಗೆ ಒಬ್ಬ ಹೆಂಡತಿ ಇದ್ದಳು, ಬಾಣಂತನದಲ್ಲಿ ತೀರಿಕೊಂಡಳು. ಅಂದರೆ ನಾನು ಎರಡನೆಯವಳು. ನಮ್ಮ ಕಡೆ ಎಕ್ಕದ ಗಿಡಕ್ಕೆ ತಾಳಿ ಕಟ್ಟುವುದು ಮೂರನೆಯ ಮದುವೆಗೆ. ಮೂರನೆಯದು ಕೇಡು ಎಂದು ಆ ಕೇಡನ್ನು ಗಿಡದ ಮೇಲೆ ಹಾಕಿ, ಹುಡುಗಿಯನ್ನು ನಾಲ್ಕನೆಯವಳಾಗಿ ಮಾಡಿಕೊಳ್ಳುತ್ತಾರೆ. ಎರಡನೆಯವಳಿಗೆ ಗಿಡ ಯಾಕೆ ಬೇಕು?

ಹೋಳಿಗೆ ಬಡಿಸಿದೆ, ನಕ್ಕೆ, ಎಲ್ಲರನ್ನೂ ಕಳಿಸಿಕೊಟ್ಟೆ. ಬಾಗಿಲು ಹಾಕಿ ಬಂದು ಅವರ ಎದುರು ಕುಳಿತೆ.

"ನಡುವಿನಾಕಿ ಯಾರ್ರಿ?"

"ನಾರಾಯಣಖೇಡದಾಕಿ. ಎರಡs ತಿಂಗಳು ಇದ್ಲು. ಕೂಡಿ ಬರ್ಲಿಲ್ಲ, ತವರಿಗೆ ಕಳಿಸಿಬಿಟ್ರು."

"ಕೋರ್ಟಿನಾಗ ಬಿಡುಗಡೆ ಆಗಿತ್ತೇನು?"

"ಕೋರ್ಟು ಎಲ್ಲಿದು? ಹಿರಿಯರು ಕುಂತು ಮಾತಾಡಿ ಮುಗಿಸಿದ್ರು."

"ಸತ್ತಾಳೇನು?"

"ಇಲ್ಲ. ಅದಾಳ."

ಕಾನೂನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಡುಗಡೆಯಾಗದ ಹೆಂಡತಿ ಬದುಕಿರುವಾಗ ಆದ ಮದುವೆ ಮದುವೆಯೇ ಅಲ್ಲ ಎಂಬ ಸಾಲನ್ನು ಇದೇ ಕೈಯಿಂದ ಬೇರೆ ಹೆಂಗಸರ ಹೆಸರಿನ ಕೆಳಗೆ ಎಷ್ಟು ಸಲ ಟೈಪು ಮಾಡಿದ್ದೆನೋ!

"ಹಂಗಾದ್ರ ನನ್ನ ಲಗ್ನಾಗಿ ಎಷ್ಟು ದಿನ ಆತ್ರಿ?" ಎಂದೆ. "ನಿಮ್ಮ ಗೆಳೆಯರು ಇನ್ನೂ ಬಸ್‌ಸ್ಟ್ಯಾಂಡಿನಾಗ ಇರಬೇಕು. ಕರೀರಿ, ಎಣಿಸಿ ಹೇಳಲಿ."