ತಪ್ಪು ಉತ್ತರದ ಕೆಳಗೆ ಬರೆದದ್ದು

ನಮ್ಮ ತರಗತಿಯ ಜಾಣ ಹುಡುಗಿ ಒಂದೇ ಪ್ರಶ್ನೆಗೆ ಐದು ಸಲ ಒಂದೇ ತಪ್ಪು ಉತ್ತರ ಒತ್ತಿದ್ದಳು. ಆಮೇಲೆ ಮೂರು ದಿನ ಶಾಲೆಗೆ ಬರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ಐದು ಸಾಲುಗಳನ್ನು ನೋಡುತ್ತ ನನಗೆ ಮೊದಲು ಬಂದದ್ದು ಸಿಟ್ಟು. ಗಾಬರಿ ಆಮೇಲೆ ಬಂತು, ಬಂದದ್ದು ಬೇಗ ಹೋಗಲಿಲ್ಲ.

ಆಗ ನಾನು ಚಿಕ್ಕೋಡಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಎ.ಎನ್.ಎಂ. ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಮುಂದೆ ಹಳ್ಳಿಯ ಉಪಕೇಂದ್ರಗಳಲ್ಲಿ ಬಾಣಂತಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳಬೇಕಾದ ಹುಡುಗಿಯರು ಇವರು. ರಾಯಬಾಗ, ಅಥಣಿ, ನಿಪ್ಪಾಣಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಶನಿವಾರ ಒಂದು ತಾಸು ಚರ್ಚೆ. ಅದಕ್ಕೆಂದೇ ನನ್ನ ಬಳಿ ನಲವತ್ತು ಪ್ರಶ್ನೆಗಳ ಪಟ್ಟಿ ಇತ್ತು. ಎಲ್ಲವೂ ‘ನೀವಾದರೆ ಏನು ಹೇಳುವಿರಿ? ಚರ್ಚಿಸಿ’ ಎಂದು ಮುಗಿಯುವಂಥವು.

ಆ ತಾಸಿಗೆ ನಾನೇ ಮಾಡಿದ ಒಂದು ಕಟ್ಟಳೆಯಿತ್ತು. "ಪುಸ್ತಕದಾಗಿಂದು ಬ್ಯಾಡ. ನಿಮ್ಮ ಮನ್ಯಾಗ ಏನ್ ಮಾಡ್ತಾರ ಅದನ್ನ ಹೇಳ್ರಿ. ನಾ ಬೈಯೂದಿಲ್ಲ" ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಮನೆಯಲ್ಲಿ ನಡೆಯುವುದು ಗೊತ್ತಿಲ್ಲದೆ ಮನೆಯವರಿಗೆ ಬುದ್ಧಿ ಹೇಳಲು ಹೋದರೆ ಯಾರು ಕೇಳುತ್ತಾರೆ? ಹುಡುಗಿಯರು ಹೇಳುತ್ತಿದ್ದರು, ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹೊಕ್ಕಳಿಗೆ ಅರಿಶಿನ ಹಚ್ಚಿದ್ದು, ಮೊದಲ ಹಾಲು ಹಿಂಡಿ ಚೆಲ್ಲಿದ್ದು, ಎಲ್ಲವೂ ಅದರಲ್ಲಿತ್ತು. ಬೈಯಲಿಲ್ಲ ಎಂಬುದೇ ನನ್ನ ಹೆಮ್ಮೆ.

ಮೊಬೈಲಿನ ಇಂಟರ್ನೆಟ್ ಅಗ್ಗವಾಗಿ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದ ಕಾಲ ಅದು. ಪ್ರಾಂಶುಪಾಲರಿಗೆ ಆನ್‌ಲೈನ್ ಹುಚ್ಚು ಹತ್ತಿತು. ತಿಂಗಳೊಪ್ಪತ್ತಿನಲ್ಲಿ ತಪಾಸಣೆಯವರು ಬರುವವರಿದ್ದರು. "ನಿಮ್ಮ ಚರ್ಚಾ ಪ್ರಶ್ನೆ ಅದಾವಲ್ಲ, ಅವನ್ನ ಕ್ವಿಜ್ ಮಾಡ್ರಿ. ಹುಡುಗೀರು ಮನ್ಯಾಗ ಕುಂತು ಬಿಡಸ್ಲಿ" ಎಂದರು. ನಾನು ಹೂಂ ಎಂದೆ. ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ.

ನಮ್ಮ ಕಂಪ್ಯೂಟರ್ ಮೇಷ್ಟ್ರು ಶಾಲೆಯ ವೆಬ್‌ಸೈಟಿನಲ್ಲಿ ಜಾಗ ತೋರಿಸಿದರು. ಪ್ರಶ್ನೆಗೊಂದು ಡಬ್ಬಿ, ಅದರ ಕೆಳಗೆ ನಾಲ್ಕು ಉತ್ತರಗಳಿಗೆ ನಾಲ್ಕು ಡಬ್ಬಿ, ಪ್ರತಿ ಉತ್ತರದ ಕೆಳಗೂ ಮತ್ತೊಂದು ಡಬ್ಬಿ. "ಇದು ಫೀಡ್‌ಬ್ಯಾಕ್ ರಿ. ಹುಡುಗಿ ಯಾವ ಉತ್ತರ ಒತ್ತತಾಳ, ಅದರ ಕೆಳಗ ಬರದದ್ದಷ್ಟ ಆಕಿಗೆ ಕಾಣತೈತಿ. ತಪ್ಪು ಯಾಕ ತಪ್ಪು ಅಂತ ಒಂದೊಂದಕ್ಕೂ ಬ್ಯಾರೆ ಬ್ಯಾರೆ ಬರೀಬೇಕ್ರಿ" ಎಂದರು. ನಲವತ್ತು ಪ್ರಶ್ನೆ, ತಲಾ ಮೂರು ತಪ್ಪು. ನೂರಿಪ್ಪತ್ತು ಡಬ್ಬಿ.

‘ನುಡಿ’ ತಂತ್ರಾಂಶದಲ್ಲಿ ಹಿಂದೆ ಟೈಪ್ ಮಾಡಿಸಿಟ್ಟ ಪಟ್ಟಿಯನ್ನು ಹಾಗೇ ಅಂಟಿಸಿದರೆ ಪರದೆಯ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಅದನ್ನೆಲ್ಲ ಯೂನಿಕೋಡಿಗೆ ಬದಲಾಯಿಸಲು ಎರಡು ದಿನ ಹೋಯಿತು. ಆಮೇಲೆ ಉತ್ತರಗಳು ಪ್ರತಿ ಸಲ ಸ್ಥಾನ ಬದಲಿಸುವಂತೆ ಮೇಷ್ಟ್ರು ಮಾಡಿಟ್ಟರು, ಒಬ್ಬರದನ್ನೊಬ್ಬರು ನಕಲು ಮಾಡಬಾರದೆಂದು. ನಾನು ಹತ್ತಾರು ಕಡೆ ‘ಮೇಲಿನ ಉತ್ತರ ನೋಡಿ’ ಎಂದು ಬರೆದಿದ್ದೆ. ಈಗ ಮೇಲಿನದು ಕೆಳಗೆ ಹೋಗುತ್ತದಲ್ಲ! ಅವನ್ನೆಲ್ಲ ಹುಡುಕಿ ತಿದ್ದಿದೆ.

ಇವೆಲ್ಲ ಕೈಕೆಲಸ, ಹೇಗೋ ಆಗುತ್ತವೆ. ನಿಜವಾದ ಕಷ್ಟ ಬೇರೆ ಇತ್ತು. ಚರ್ಚೆಯ ಪ್ರಶ್ನೆಗೆ ಒಂದೇ ಸರಿಯುತ್ತರ ಎಂಬುದು ಇರುವುದಿಲ್ಲ, ಕ್ವಿಜ್ಜಿಗೆ ಇರಲೇಬೇಕು. ‘ಮಗುವಿಗೆ ಭೇದಿಯಾದರೆ ತಾಯಿಗೆ ಏನು ಹೇಳುವಿರಿ?’ ಎಂಬುದನ್ನು ಹೀಗೆ ಬಿಗಿ ಮಾಡಿದೆ: ‘ಎಂಟು ತಿಂಗಳ ಮಗುವಿಗೆ ನಿನ್ನೆಯಿಂದ ನೀರುಭೇದಿ. ರಕ್ತವಿಲ್ಲ, ಜ್ವರವಿಲ್ಲ. ಮಗು ಎಚ್ಚರವಾಗಿದೆ, ಕುಡಿಯುತ್ತಿದೆ. ತಾಯಿಗೆ ಯಾವ ಸಲಹೆ ಕೊಡುವಿರಿ?’ ಸರಿಯುತ್ತರ ಸುಲಭ: ಎದೆಹಾಲು, ಊಟ ಮುಂದುವರಿಸಿ, ಪ್ರತಿ ಭೇದಿಯ ನಂತರ ಓ.ಆರ್.ಎಸ್. ಕುಡಿಸಿ, ಜೊತೆಗೆ ಸತುವಿನ ಮಾತ್ರೆ. ತಪ್ಪು ಉತ್ತರಗಳನ್ನು ಎಲ್ಲಿಂದ ತರುವುದು? ಯಾರೂ ನಂಬದ ತಪ್ಪನ್ನು ಇಟ್ಟರೆ ಕ್ವಿಜ್ ಮಕ್ಕಳಾಟವಾಗುತ್ತದೆ. ನನಗೆ ನೋಟ್‌ಬುಕ್ ನೆನಪಾಯಿತು. ಜನ ನಿಜವಾಗಿ ಮಾಡುವ ತಪ್ಪುಗಳೆಲ್ಲ ಅದರಲ್ಲಿದ್ದವು. ಚಿನ್ನದ ಗಣಿ ಸಿಕ್ಕ ಹಾಗಾಯಿತು.

ಒಂದು: ಔಷಧಿ ಅಂಗಡಿಯಿಂದ ಭೇದಿ ಕಟ್ಟುವ ಗುಳಿಗೆ ತಂದು ಕೊಡುವುದು. ಇನ್ನೊಂದು: ಓ.ಆರ್.ಎಸ್. ಪೊಟ್ಟಣವನ್ನು ಚೂರು ಚೂರಾಗಿ ಲೋಟಕ್ಕೆ ಹಾಕಿ ಕಲಸುವುದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರು ನೀರಿಗೆ ಒಂದೇ ಸಲ ಹಾಕದಿದ್ದರೆ ಅಳತೆ ಕೆಡುತ್ತದೆ. ಮೂರನೆಯದು: ಭೇದಿ ನಿಲ್ಲುವ ತನಕ ಹಾಲು, ನೀರು ಎರಡನ್ನೂ ನಿಲ್ಲಿಸುವುದು. ಇದನ್ನು ಹೇಳಿದ್ದು ನಿಪ್ಪಾಣಿಯಿಂದ ಬರುತ್ತಿದ್ದ ಆ ಜಾಣ ಹುಡುಗಿ. "ನಮ್ಮ ತಮ್ಮಗ ಎಂಟ ತಿಂಗಳಿತ್ರಿ. ಜುಲಾಬ ಹತ್ತಿದಾಗ ಅವ್ವ ನೀರ ಸೈತ ಬಂದ್ ಮಾಡಿದ್ಳರಿ" ಎಂದಿದ್ದಳು. ಆಮೇಲೆ ಏನಾಯಿತು ಎಂದು ನಾನು ಕೇಳಿರಲಿಲ್ಲ. ಬರೆದುಕೊಳ್ಳುವ ಅವಸರದಲ್ಲಿದ್ದೆ.

ಆ ಡಬ್ಬಿಗೆ ಬರುವಷ್ಟರಲ್ಲಿ ನೂರಕ್ಕೂ ಹೆಚ್ಚು ಬರೆದು ಬೆರಳು ನೋಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಬಾಯಲ್ಲಿ ಬೈಯದೆ ವರ್ಷಗಟ್ಟಲೆ ತಡೆದಿಟ್ಟದ್ದೆಲ್ಲ ಬೆರಳಿಗೆ ಬಂತೋ ಏನೋ. ಹೀಗೆ ಬರೆದೆ: ‘ತಪ್ಪು! ಇದು ಶುದ್ಧ ಅಜ್ಞಾನ. ಭೇದಿಯಾದ ಮಗುವಿಗೆ ನೀರು ನಿಲ್ಲಿಸುವ ತಾಯಿ ತನ್ನ ಕೈಯಾರೆ ಮಗುವನ್ನು ಕೊಲ್ಲುತ್ತಾಳೆ.’ ಬರೆದು, ಪರವಾಗಿಲ್ಲ, ನಾಟುವಂತಿದೆ ಎಂದುಕೊಂಡೆ.

ಕ್ವಿಜ್ಜನ್ನು ಎಷ್ಟು ಸಲ ಬೇಕಾದರೂ ಬಿಡಿಸಬಹುದಿತ್ತು, ಯಾರು ಏನು ಒತ್ತಿದರೆಂಬ ವರದಿ ನನಗೆ ಕಾಣುತ್ತಿತ್ತು. ಕ್ವಿಜ್ ತೆರೆದ ಮೊದಲ ಸಂಜೆಯೇ ಆ ಐದು ಪ್ರಯತ್ನಗಳು. ಉಳಿದ ಪ್ರಶ್ನೆಗಳಿಗೆಲ್ಲ ಸರಿಯುತ್ತರ, ಇದೊಂದಕ್ಕೆ ಮಾತ್ರ ಐದೂ ಸಲ ಅದೇ ತಪ್ಪು. ಉತ್ತರಗಳು ಪ್ರತಿ ಸಲ ಜಾಗ ಬದಲಿಸುತ್ತಿದ್ದವು, ಆದ್ದರಿಂದ ಕೈತಪ್ಪಿ ಒತ್ತಿದ್ದಲ್ಲ. ಹುಡುಕಿ ಒತ್ತಿದ್ದಳು. ತಪಾಸಣೆಯವರು ಇದನ್ನು ನೋಡಿದರೆ ನನ್ನ ಪಾಠದ ಗತಿ ಏನು ಎಂದು ಸಿಟ್ಟು ಬಂತು, ಹೆದರಿದೆ ಕೂಡ, ನಾಚಿಕೆ ಬಿಟ್ಟು ಹೇಳುತ್ತೇನೆ. ಎರಡನೆಯ ದಿನವೂ ಅವಳು ಬರದಿದ್ದಾಗ ನೋಟ್‌ಬುಕ್ ತೆಗೆದೆ. ‘ತಮ್ಮಗ ಎಂಟ ತಿಂಗಳಿತ್ರಿ’ ಎಂದು ಬರೆದುಕೊಂಡಿದ್ದೆ. ಅವಳ ಪ್ರವೇಶದ ಅರ್ಜಿಯಲ್ಲಿ ಒಡಹುಟ್ಟಿದವರು ಎಂಬಲ್ಲಿ ‘ಇಲ್ಲ’ ಎಂದಿತ್ತು. ಆ ತಮ್ಮ ಉಳಿದಿರಲಿಲ್ಲ.

ಫೋನ್ ಮಾಡಿದರೆ ಸ್ವಿಚ್ ಆಫ್. ಅವಳ ಗೆಳತಿಯರನ್ನು ಕೇಳಲು ಧೈರ್ಯವಾಗಲಿಲ್ಲ. ಆ ಮಾತು ಯಾರದೆಂದು ಇಡೀ ತರಗತಿಗೆ ಗೊತ್ತಿತ್ತು, ಅದರ ಕೆಳಗೆ ಬರೆದದ್ದು ಯಾರೆಂದೂ ಗೊತ್ತಿತ್ತು. ಅವಳು ಓದು ಬಿಟ್ಟರೆ? ಆ ಮನೆಯಲ್ಲಿ ಏನು ನಡೆದಿದೆಯೋ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಹುಡುಗಿಯರಿಗೆ ಹೇಳುತ್ತಿದ್ದವಳು.

ನಾಲ್ಕನೆಯ ದಿನ ಬಂದಳು. ತರಗತಿ ಮುಗಿದ ಮೇಲೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ನಾನು ಕೇಳುವ ಮೊದಲೇ ಶುರು ಮಾಡಿದಳು.

"ಮೇಡಂರಿ, ನನಗ ಸರಿ ಉತ್ತರ ಗೊತ್ತಿತ್ರಿ. ನಮ್ಮವ್ವ ಮಾಡಿದ್ದರ ಕೆಳಗ ಏನ್ ಬರದೈತಿ ನೋಡೂನು ಅಂತ ಒತ್ತಿದ್ನಿ."

"ಐದು ಸಲ?"

"ಮದಲ ನಾ ನೋಡಿದ್ನಿರಿ. ಅಷ್ಟರಾಗ ಅವ್ವ ತೊಡಿಮ್ಯಾಲೆ ಎಲಿ-ತಂಬಾಕಿನ ಸೂಪ್ ಇಟಗೊಂಡು ಬೀಡಿ ಕಟ್ಟಕೋತ, ಏನ ಓದಾಕತ್ತಿ, ಜೋರಲೆ ಓದ ಅಂದ್ಳರಿ. ಆಕಿಗೆ ನಾ ಓದೂದ ಕೇಳೂದಂದ್ರ ಭಾಳ ಖುಷಿರಿ. ಸುಳ್ಳ ಓದಬೇಕಿತ್ರಿ, ತಿಳೀಲಿಲ್ಲ. ಓದಿಬಿಟ್ನಿ. ಆಮ್ಯಾಲೆ ಖರೇನ ಹಂಗ ಬರದೈತೇನು, ಮತ್ತ ತೋರಿಸು ಅಂತ ಹೇಳಕೋತ ಕುಂತ್ಳು."

ನಾನು ಅವಳನ್ನು ಒಳಗೆ ಕರೆದು ಕೂರಿಸಿ, "ಅವ್ವ ಈಗ ಹೆಂಗದಾಳ?" ಎಂದೆ.

"ಮೂರ ದಿನಾತ್ರಿ, ಸೂಪ್ ಮುಟ್ಟಿಲ್ಲ, ಬೀಡಿ ಎಲಿ ಒಣಗಿ ಹೋದು. ನಾನ ಕೊಂದ್ನೇನು, ನಾನ ಕೊಂದ್ನೇನು ಅಂತ ಕೇಳತಾಳ. ತಮ್ಮಗ ಏನೋ ದೃಷ್ಟಿ ತಾಗಿ ಹ್ವಾದಾ ಅಂತ ಇಷ್ಟ ವರ್ಷ ತಿಳಕೊಂಡಿದ್ಳರಿ. ನೀವು ಬೈಯೂದಿಲ್ಲ ಅಂದಿದ್ರಿ ಮೇಡಂರಿ."

ಕೊನೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ನೆನಪು ಮಾಡಿಕೊಟ್ಟಳು ಅಷ್ಟೇ. ಅದಕ್ಕೇ ನನಗೆ ಅಳು ಬಂತು, ಅವಳ ಮುಂದೆಯೇ ಅತ್ತೆ. ತಪ್ಪಾಯಿತು ಎಂದೆ. ನಾನು ನಿಪ್ಪಾಣಿಗೆ ಬಂದು ಅವ್ವನ ಹತ್ತಿರ ಮಾತಾಡುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ನೀವ್ ಬಂದ್ರ ಸಮಾಧಾನ ಮಾಡಾಕ ಬಂದಾರ ಅಂತಾಳರಿ. ಆಕಿ ಅದರಾಗ ಬರದದ್ದನ್ನ ನಂಬ್ಯಾಳ. ಅಲ್ಲೇ ತಿದ್ದರಿ."

ಬರೆದದ್ದನ್ನು ಅಳಿಸುವುದು ಒಂದು ನಿಮಿಷದ ಕೆಲಸ. ಅದರ ಜಾಗದಲ್ಲಿ ಏನು ಬರೆಯುವುದು? ತಪ್ಪನ್ನು ಸರಿ ಎನ್ನಲಾಗದು. ನಾಳೆ ಇವರೇ ಹಳ್ಳಿಗೆ ಹೋಗುವವರು, ನನ್ನ ಮರುಕದಿಂದ ಇನ್ನೊಂದು ಮಗು ಹೋಗಬಾರದು. ಸುಳ್ಳೂ ಹೇಳಬಾರದು, ಆ ತಾಯಿಯನ್ನು ಕೊಲೆಗಾರ್ತಿಯನ್ನಾಗಿಯೂ ಮಾಡಬಾರದು. ಇಡೀ ಮಧ್ಯಾಹ್ನ ಬರೆದು ಅಳಿಸಿ ಬರೆದೆ. ಕೊನೆಗೆ ಉಳಿದದ್ದು ಇದು:

‘ಈ ಉತ್ತರ ಸರಿಯಲ್ಲ. ಆದರೆ ಬಹಳ ತಾಯಂದಿರು ಹೀಗೆ ಮಾಡಿದ್ದಾರೆ. ಹೊಟ್ಟೆಗೆ ಏನೂ ಹೋಗದಿದ್ದರೆ ಭೇದಿ ನಿಲ್ಲುತ್ತದೆ ಎಂದು ಅನಿಸುವುದು ಸಹಜ. ಭೇದಿಯಲ್ಲಿ ಮಗುವಿನ ಮೈಯ ನೀರು, ಉಪ್ಪು ಹೋಗುತ್ತವೆ. ಅವನ್ನು ಮತ್ತೆ ಕೊಡದಿದ್ದರೆ ಜೀವಕ್ಕೆ ಅಪಾಯ. ಆ ತಾಯಂದಿರು ಮಗು ಉಳಿಯಲಿ ಎಂದೇ ಹೀಗೆ ಮಾಡಿದರು. ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳುವುದು ಇನ್ನು ನಿಮ್ಮ ಕೆಲಸ.’

ಆಮೇಲೆ ಉಳಿದ ನೂರಾ ಹತ್ತೊಂಬತ್ತನ್ನೂ ಮೊದಲಿನಿಂದ ಓದಿದೆ. ‘ಅಜ್ಞಾನ’ ಎಂಬ ಪದ ಹದಿನಾಲ್ಕು ಕಡೆ ಇತ್ತು. ಎಲ್ಲವನ್ನೂ ತೆಗೆದೆ. ತಪಾಸಣೆಯವರು ಮುಂದೆ ಬಂದರು, ಕ್ವಿಜ್ ತೆರೆದು ಎರಡು ಪ್ರಶ್ನೆ ನೋಡಿ ಚಹಾ ಕುಡಿದು ಹೋದರು. ಅದಕ್ಕಾಗಿಯೇ ನಾನು ಅಷ್ಟು ಹೆದರಿದ್ದೆ!

ತಿದ್ದಿದ ಮರುದಿನ ಬೆಳಿಗ್ಗೆ ಬಂದವಳೇ ವರದಿ ತೆರೆದೆ. ಅವಳ ಹೆಸರಿನ ಮುಂದೆ ಹಿಂದಿನ ಸಂಜೆಯ ಮೂರು ಹೊಸ ಪ್ರಯತ್ನಗಳು. ಮೂರೂ ಸಲ ಅದೇ ತಪ್ಪು ಉತ್ತರ.

ತರಗತಿಗೆ ಮುಂಚೆ ಅವಳನ್ನು ಕರೆದು, ಅವ್ವ ಏನಂದಳು ಎಂದು ಕೇಳಿದೆ.

"ಯಾರೂ ಹೇಳಿರಲಿಲ್ಲ ಅಂತ ಐತೆಲ್ಲ, ಅಷ್ಟ ಮತ್ತೊಮ್ಮೆ ಓದು ಅಂದ್ಳು. ಮೂರ ಸಲ ಓದಸಿದ್ಳು. ಆಮ್ಯಾಲೆ ಎಲಿಗೆ ನೀರ ಹೊಡದು ಸೂಪ್ ತೊಡಿಮ್ಯಾಲೆ ಇಟಗೊಂಡ್ಳರಿ."