ಹತ್ತರಿಂದ ನಾಲ್ಕರವರೆಗೆ ನೋಡಿದ ಕೆಲಸ

‘ರಕ್ತ ಮತ್ತು ದೇಹದ್ರವಗಳ ಸಂಪರ್ಕ: ಇಲ್ಲ.’ ಈ ಸಾಲನ್ನು ಬರೆದವಳು ನಾನು. ಬರೆದಾಗ ನನಗದು ನಿಜವೆಂದೇ ಅನಿಸಿತ್ತು. ಅದು ಸುಳ್ಳೆಂದು ಗೊತ್ತಾದ ಮೇಲೂ ಅಳಿಸಲಿಲ್ಲ ಎನ್ನುವುದು ಬೇರೆ ಮಾತು, ಅದನ್ನು ಹೇಳುವುದಕ್ಕೇ ಈಗ ಕೂತಿದ್ದೇನೆ.

ಹಲಸೂರು ಮತ್ತು ಶಿವಾಜಿನಗರದ ನಡುವೆ ಇದ್ದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಎಚ್ಆರ್ ವಿಭಾಗಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಆಸ್ಪತ್ರೆ ಆಗಷ್ಟೇ ಹೊಸಬರ ಕೈಗೆ ಹೋಗಿತ್ತು. ಪ್ರತಿ ಹುದ್ದೆಗೂ ಒಂದು ಜಾಬ್ ಡಿಸ್ಕ್ರಿಪ್ಷನ್ ಬೇಕು, ಅದನ್ನು ನೋಡಿ ಗ್ರೇಡ್ ಕೊಡಬೇಕು ಎಂದು ಅವರ ಅಪ್ಪಣೆ. ಟೆಕ್ನಿಷಿಯನ್ ಅನಿಸಿಕೊಂಡವರು ಆಸ್ಪತ್ರೆಯ ನೌಕರರಾಗಿಯೇ ಉಳಿಯುತ್ತಾರೆ, ಹೆಲ್ಪರ್ ಅನಿಸಿಕೊಂಡವರೆಲ್ಲ ಕಂಟ್ರಾಕ್ಟರ್ ಕೈಕೆಳಗೆ ಹೋಗುತ್ತಾರೆ. ಇದು ನನಗೆ ಗೊತ್ತಿತ್ತು. ಕೆಲಸಗಾರರಿಗೆ ಗೊತ್ತಿರಲಿಲ್ಲ. ಹೇಳಿದರೆ ಇಲ್ಲದ್ದನ್ನೆಲ್ಲ ಸೇರಿಸಿ ಹೇಳುತ್ತಾರೆ, ಸುಮ್ಮನೆ ‘ರೆಕಾರ್ಡಿಗೆ’ ಅನ್ನಿ ಎಂದು ನಮ್ಮ ಮ್ಯಾನೇಜರ್ ಮೊದಲೇ ಕಟ್ಟಪ್ಪಣೆ ಮಾಡಿದ್ದರು.

ನನಗೂ ಅದು ಸರಿ ಅನಿಸಿತು. ನಮ್ಮಪ್ಪ ವಿಮಾನಪುರದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ಗಡಿಯಾರ ಹಿಡಿದು ಕೆಲಸ ಅಳೆಯುವವನು ಶಾಪಿನೊಳಗೆ ಕಾಲಿಟ್ಟರೆ ಸಾಕು, ಅರ್ಧ ಗಂಟೆಯ ಕೆಲಸ ಒಂದು ಗಂಟೆಗೆ ಹಿಗ್ಗುತ್ತಿತ್ತಂತೆ. ಅವನು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತಿದ್ದೆವು ಎಂದು ಅಪ್ಪ ಊಟದ ಹೊತ್ತಲ್ಲಿ ಹೇಳಿ ನಗುತ್ತಿದ್ದರು. ಕಾಲೇಜಿನಲ್ಲೂ ಅದನ್ನೇ ಕಲಿಸಿದ್ದರು: ನೋಡುವವರಿದ್ದರೆ ಜನ ಕೆಲಸವನ್ನು ದೊಡ್ಡದು ಮಾಡಿ ತೋರಿಸುತ್ತಾರೆ, ಹುಷಾರು. ಹಾಗಾಗಿ ನಾನು ಬಲು ಹುಷಾರಾಗಿದ್ದೆ. ನನ್ನನ್ನು ಯಾರೂ ಯಾಮಾರಿಸಲಾರರು ಎಂಬ ಕೊಬ್ಬೂ ಇತ್ತು.

ನನ್ನ ಪಟ್ಟಿಯಲ್ಲಿ ಆಪರೇಷನ್ ಸಾಮಾನುಗಳನ್ನು ಸ್ಟೆರಿಲೈಸ್ ಮಾಡುವ ಕೋಣೆಯೂ ಒಂದು. ಅಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದ ಹೆಂಗಸನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ಡಾಕ್ಟರುಗಳು ಕೂಡ. ಶಿವಾಜಿನಗರದ ಮನೆಯಿಂದ ನಡೆದುಕೊಂಡೇ ಬರುತ್ತಿದ್ದರು. ಐವತ್ತು ದಾಟಿದ ವಯಸ್ಸು, ಮೊಣಕೈವರೆಗೆ ಮಡಚಿದ ಕುರ್ತಾ ತೋಳು, ಯಾರನ್ನು ಕಂಡರೂ ‘ಚಾಯ್ ಆಯ್ತಾ’ ಎಂಬ ಮೊದಲ ಮಾತು.

ಮೊದಲು ಪ್ರಶ್ನಾವಳಿ. ಹನ್ನೆರಡು ಪುಟ, ಎಲ್ಲ ಇಂಗ್ಲಿಷಿನಲ್ಲಿ. ಯಾವ ಕೆಲಸ, ದಿನಕ್ಕೆ ಎಷ್ಟು ಸಲ, ಎಷ್ಟು ಮುಖ್ಯ, ಸ್ವಂತ ನಿರ್ಧಾರ ಬೇಕೋ ಬೇಡವೋ, ಅಪಾಯ ಏನು ಎಂದು ಪ್ರತಿಯೊಂದಕ್ಕೂ ಟಿಕ್ ಹಾಕಬೇಕು. ಆಪಾ ಓದಿದ್ದು ಉರ್ದು, ಅದೂ ನಾಲ್ಕನೇ ಕ್ಲಾಸು. ಅವರ ಪರವಾಗಿ ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ರೌಂಡ್ಸ್ ನಡುವೆ ಟಿಕ್ ಹಾಕಿ ಕೊಟ್ಟರು. ವಾರ್ಡಿನ ಆಯಾಗಳಿಗೆ ಹಾಕಿದ ಟಿಕ್ಕುಗಳೇ ಇಲ್ಲಿಗೂ ಇಳಿದಿದ್ದವು ಎಂಬುದು ಆಮೇಲೆ ಹೋಲಿಸಿದಾಗ ತಿಳಿಯಿತು.

ಆಮೇಲೆ ಸಂದರ್ಶನ. ಸಿಸ್ಟರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಏಳಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಏನೇನು ಮಾಡುತ್ತೀರಿ ಎಂದರೆ ಆಪಾ, ಏನಿಲ್ಲಮ್ಮ, ಮಾಮೂಲಿ, ಬಟ್ಟೆಯಲ್ಲಿ ಕಟ್ಟೋದು, ಮಿಷನ್‌ಗೆ ಹಾಕೋದು, ತೆಗೆಯೋದು ಎಂದರು. ಕಷ್ಟವಾದದ್ದು ಏನಾದರೂ ಇದೆಯೇ ಎಂದು ಕೇಳಿದೆ. ಸಿಸ್ಟರ್ ಮುಖ ನೋಡಿ, ಇಲ್ಲ ಎಂದರು. ಮಾತು ಹಗುರವಾಗಲಿ ಅಂತ ನಾನೇ ಸುಮ್ಮನಿರಲಾರದೆ, ನನಗಂತೂ ರಕ್ತ ಕಂಡರೆ ತಲೆ ಸುತ್ತುತ್ತೆ ಆಪಾ, ಅದಕ್ಕೇ ಎಚ್ಆರ್‌ಗೆ ಬಂದೆ, ನಾಳೆ ನಿಮ್ಮ ಕೋಣೇಲಿ ಬಿದ್ದರೆ ಹಿಡ್ಕೊಳ್ಳಿ ಎಂದು ತಮಾಷೆ ಮಾಡಿದೆ. ಮೂವರೂ ನಕ್ಕೆವು.

ಕೊನೆಗೆ ಕಣ್ಣಾರೆ ನೋಡುವುದು. ಎರಡು ದಿನ, ಹತ್ತರಿಂದ ನಾಲ್ಕರವರೆಗೆ. ಕೋಣೆಗೆ ಎರಡು ಭಾಗ. ಬಳಸಿದ ಸಾಮಾನು ಬಂದು ಬೀಳುವ, ತೊಳೆಯುವ ಬದಿ ಒಂದು, ತೊಳೆದದ್ದನ್ನು ಕಟ್ಟಿ ಮಿಷನ್ನಿಗೆ ಇಡುವ ಬದಿ ಇನ್ನೊಂದು. ನಡುವೆ ಬಾಗಿಲು. ಆಪಾ ನನಗೆ ಕಟ್ಟುವ ಬದಿಯಲ್ಲಿ, ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದ್ದರು. ನಡುವಿನ ಬಾಗಿಲು ಮುಚ್ಚಿತ್ತು. ಆ ಬದಿಯ ಕೆಲಸ ಬೇರೆ ಯಾರದೋ ಇರಬೇಕು ಎಂದುಕೊಂಡೆ. ನಾನು ಗಡಿಯಾರ ನೋಡಿ ನೋಡಿ ಬರೆದುಕೊಂಡೆ: ಬಟ್ಟೆ ಮಡಚಿದ್ದು, ಪಟ್ಟಿ ನೋಡಿ ಕತ್ತರಿ ಚಿಮಟ ಜೋಡಿಸಿದ್ದು, ಟೇಪ್ ಅಂಟಿಸಿದ್ದು, ಮಿಷನ್ನಿನ ಬಾಗಿಲು ತಿರುಪಿದ್ದು. ಮಧ್ಯೆ ಎರಡು ಸಲ ಚಾಯ್, ಜೊತೆಗೆ ಶಿವಾಜಿನಗರದ ಬೇಕರಿಯ ಬಿಸ್ಕತ್ತು. ಎಷ್ಟು ಆರಾಮದ ಕೆಲಸ ಎಂದು ಹೊಟ್ಟೆಕಿಚ್ಚೇ ಆಯಿತು. ಅರ್ಧ ಹೊತ್ತು ಆಪಾ ನನ್ನ ಮದುವೆ ವಿಚಾರ ಕೇಳುತ್ತಿದ್ದರು.

ಪ್ರಶ್ನಾವಳಿ, ಸಂದರ್ಶನ, ವೀಕ್ಷಣೆ ಮೂರೂ ಒಂದಕ್ಕೊಂದು ತಾಳೆಯಾದವು. ಬೇರೆ ಯಾವ ಹುದ್ದೆಯಲ್ಲೂ ಹಾಗೆ ಆಗಿರಲಿಲ್ಲ. ಅಷ್ಟು ಚೆನ್ನಾಗಿ ತಾಳೆಯಾದದ್ದನ್ನು ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಗುರ ಕೆಲಸ, ಸ್ವಂತ ನಿರ್ಧಾರ ಬೇಕಿಲ್ಲ, ರಕ್ತದ ಸಂಪರ್ಕ ಇಲ್ಲ ಎಂದು ಬರೆದು ವರದಿ ಕೊಟ್ಟೆ. ಮ್ಯಾನೇಜರ್ ಬೆನ್ನು ತಟ್ಟಿದರು.

ಕೆಲಸ ಮಾಡುವವರೂ ವರದಿಯನ್ನು ನೋಡಿ, ಸರಿ ಎಂದು ಸಹಿ ಹಾಕಬೇಕೆಂಬ ನಿಯಮವಿದೆ. ಆ ಸಹಿಗೆಂದು ಒಂದು ದಿನ ಹನ್ನೊಂದೂವರೆಗೆ, ಮೊದಲೇ ಹೇಳದೆ ಹೋದೆ. ಕಟ್ಟುವ ಬದಿಯಲ್ಲಿ ಯಾರೂ ಇರಲಿಲ್ಲ. ನಡುವಿನ ಬಾಗಿಲು ತೆರೆದಿತ್ತು. ಆಪಾ ದಪ್ಪ ಗ್ಲೌಸ್ ಹಾಕಿಕೊಂಡು ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದರು. ನೀರು ಕೆಂಪಗಿತ್ತು. ಒಂದೊಂದು ಕತ್ತರಿಯ ಬಾಯನ್ನೂ ಅಗಲಿಸಿ ಬ್ರಷ್ಷಿನಿಂದ ಸಂದಿ ಉಜ್ಜಿ, ತೊಳೆದು, ದೀಪಕ್ಕೆ ಹಿಡಿದು ನೋಡುತ್ತಿದ್ದರು. ಒಂದು ಚಿಮಟವನ್ನು ನಾಲ್ಕು ಸಲ ತೆರೆದು ಮುಚ್ಚಿ ಬೇರೆ ಡಬ್ಬಿಗೆ ಹಾಕಿದರು. ಹಿಡಿತ ಸಡಿಲವಾಗಿದೆ, ರಕ್ತನಾಳ ಹಿಡಿದಾಗ ಜಾರುತ್ತೆ ಎಂದು ಆಮೇಲೆ ಹೇಳಿದರು. ಆ ಗಳಿಗೆಯಲ್ಲಿ ನಾನು ಕಂಡದ್ದು, ನನ್ನ ವರದಿಯಲ್ಲಿ ಇಲ್ಲದ ಒಬ್ಬ ಹೆಂಗಸನ್ನು.

ನನ್ನನ್ನು ನೋಡಿ ಗಾಬರಿಯಾಗಿ ಬಾಗಿಲು ಎಳೆಯಲು ಬಂದರು. ಇದನ್ನೆಲ್ಲ ಆ ಎರಡು ದಿನ ಯಾಕೆ ಮಾಡಲಿಲ್ಲ ಎಂದು ಕೇಳಿದೆ.

“ಮಾಡಿದ್ದೆನಮ್ಮ. ಹಿಂದಿನ್ ದಿನದ್ದು ಬೆಳಿಗ್ಗೆ ಆರಕ್ಕೇ ಬಂದು ಮುಗಿಸ್ಕೊಂಡೆ. ಬೆಳಗಿನ ಆಪರೇಷನ್‌ದು ಒದ್ದೆ ಬಟ್ಟೆ ಮುಚ್ಚಿಟ್ಟು, ನೀವು ಊಟಕ್ಕೆ ಹೋದಾಗ ಮಾಡ್ದೆ. ಮಿಕ್ಕಿದ್ದು ನೀವು ಹೋದ್ಮೇಲೆ. ನಿಮ್ಗೆ ತಲೆ ಸುತ್ತುತ್ತೆ ಅಂದಿದ್ರಲ್ಲ. ಮನೇಗೆ ಮೆಹಮಾನ್ ಬಂದಾಗ ಎಂಜಲು ತಟ್ಟೆ ಎದುರಿಗಿಟ್ಕೊಂಡು ಕೂರಕ್ಕಾಗುತ್ತಾ?”

ನಮ್ಮಪ್ಪನ ಶಾಪಿನವರು ಕೆಲಸವನ್ನು ಹಿಗ್ಗಿಸಿ ತೋರಿಸಿದ್ದರು. ಮರ್ಯಾದೆಗೆಂದು ಕೆಲಸವನ್ನೇ ಬಚ್ಚಿಡುವ ಮನುಷ್ಯರೂ ಇರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾಚಿಕೆಯಾಯಿತು. ಅಲ್ಲೇ ನಿಂತು, ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ಎಂದಾದರೂ ನೀವಾಗಿಯೇ ಬೇಡ ಎಂದು ತಡೆದದ್ದುಂಟಾ? ಉಂಟಂತೆ. ಒಂದು ಸಲ ಮಿಷನ್ನಿನಿಂದ ತೆಗೆದ ಕಟ್ಟುಗಳ ಒಳಗೆ, ಕ್ರಿಮಿ ಸತ್ತಿದೆಯೋ ಇಲ್ಲವೋ ಎಂದು ತೋರಿಸುವ ಕಾಗದದ ಪಟ್ಟಿಯ ಬಣ್ಣ ಪೂರ್ತಿ ಬದಲಾಗಿರಲಿಲ್ಲ. ಥಿಯೇಟರಿನಲ್ಲಿ ಪೇಷಂಟನ್ನು ಆಗಲೇ ಕರೆತಂದಿದ್ದರೂ ಆಪಾ ಒಂದು ಕಟ್ಟನ್ನೂ ಕೊಟ್ಟಿರಲಿಲ್ಲ. ಸರ್ಜನ್ ಬಾಗಿಲಿಗೇ ಬಂದು ಬೈದರಂತೆ. ಆಪಾ ಜಗ್ಗಲಿಲ್ಲ. ಸಂದರ್ಶನದಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಸಿಸ್ಟರ್ ಮುಂದೆ ಅದನ್ನೆತ್ತಿದರೆ ಡಾಕ್ಟರ ಮೇಲೆ ಚಾಡಿ ಹೇಳಿದ ಹಾಗಾಗುತ್ತೆ ಎಂದರು.

ಸಹಿ ಕೇಳದೆ ವಾಪಸ್ ಬಂದೆ. ವರದಿಯನ್ನು ಪೂರ್ತಿ ತಿದ್ದಿ ಬರೆದೆ. ಪರೀಕ್ಷಿಸಿ ನೋಡುವುದು, ತಿರಸ್ಕರಿಸುವ ಅಧಿಕಾರ, ಸೋಂಕಿನ ಅಪಾಯ, ಸೂಜಿ ಚುಚ್ಚುವ ಅಪಾಯ. ಯಾರು ಓದಿದರೂ ಅದು ಟೆಕ್ನಿಷಿಯನ್ ಕೆಲಸವೇ. ಅದನ್ನು ಮ್ಯಾನೇಜರ್ ಮುಂದೆ ಇಟ್ಟೆ. ಇನ್ನೊಮ್ಮೆ ಎರಡು ದಿನ ನೋಡುತ್ತೇನೆ, ಸರ್ಜನ್ನರನ್ನೂ ಕೇಳುತ್ತೇನೆ ಎಂದೆ.

ಅವರು ಸಿಟ್ಟಾಗಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಪರದೆಯಲ್ಲಿ ಆ ಹುದ್ದೆಯ ಜಾಬ್ ಡಿಸ್ಕ್ರಿಪ್ಷನ್ ಇತ್ತು, ಹೆಲ್ಪರ್ ಗ್ರೇಡಿನದು. ಹೊಸ ಮಾಲೀಕರ ಬೇರೊಂದು ಆಸ್ಪತ್ರೆಯಿಂದ ಬಂದದ್ದು. ನಾನು ಪ್ರಶ್ನಾವಳಿ ಹಂಚುವುದಕ್ಕೂ ಮೊದಲೇ ಅದು ಬಂದಿತ್ತು.

“ನೋಡಮ್ಮ, ಮೂರೂ ಟ್ಯಾಲಿ ಆಗಿದೆ ಅಂತ ನೀನೇ ಬರ್ಕೊಟ್ಟಿದೀಯ. ಈಗ ತಪ್ಪಾಗಿತ್ತು ಅಂತಂದ್ರೆ, ನೀನು ನೋಡಿರೋ ಮಿಕ್ಕ ಇಪ್ಪತ್ತು ಹುದ್ದೆ ಬಗ್ಗೇನೂ ಕೇಳ್ತಾರೆ. ನಿನ್ ಕನ್ಫರ್ಮೇಷನ್ ಬೇರೆ ಈ ತಿಂಗಳೇ ಇದೆ. ಸೈನ್ ಒಂದು ತಗೊಂಡ್ ಬಂದ್ಬಿಡು.”

ಮದುವೆ ಮುಗಿಸಿ ಜಾತಕ ನೋಡಲು ನನ್ನನ್ನು ಕಳಿಸಿದ್ದರು. ಹಾಗೆಂದು ಮುಖಕ್ಕೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹೊಸ ತಿಪ್ಪಸಂದ್ರದ ಮನೆಯಲ್ಲಿ, ಮಗಳದ್ದು ಪರ್ಮನೆಂಟ್ ಆಗುತ್ತೆ ಎಂದು ಅಮ್ಮ ಪಕ್ಕದವರಿಗೆಲ್ಲ ಹೇಳಿಯಾಗಿತ್ತು. ತಿದ್ದಿ ಬರೆದ ಹಾಳೆಗಳನ್ನು ಬ್ಯಾಗಿನೊಳಗೆ ಹಾಕಿಕೊಂಡು, ಹಳೆಯ ಹಾಳೆ ಹಿಡಿದು ಕೆಳಗಿಳಿದೆ.

ಆಪಾ ಚಾಯ್ ತರಿಸಿದರು. ಕುಡಿದೆ. ಸಹಿ ಹಾಕುವ ಮೊದಲು, ಏನು ಬರೆದಿದೆ ಸ್ವಲ್ಪ ಓದಿ ಹೇಳಮ್ಮ ಎಂದರು. ಅವರಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಿದೆ. ಬಟ್ಟೆ ಮಡಚುವುದು. ಪಟ್ಟಿ ನೋಡಿ ಜೋಡಿಸುವುದು. ಟೇಪ್ ಅಂಟಿಸುವುದು. ಹಗುರ ಕೆಲಸ. ಸ್ವಂತ ನಿರ್ಧಾರ ಬೇಕಿಲ್ಲ. ರಕ್ತ, ಇಲ್ಲ. ಅಲ್ಲಿಗೆ ಬಂದಾಗ ನನ್ನ ದನಿ ಇಳಿಯಿತು. ಈ ಹಾಳೆಯಿಂದ ಏನಾಗುತ್ತದೆ ಎಂಬುದನ್ನು ಮಾತ್ರ ಆಗಲೂ ಹೇಳಲಿಲ್ಲ. ಇದಕ್ಕೆ ನನ್ನಲ್ಲಿ ಯಾವ ನೆಪವೂ ಇಲ್ಲ.

ಆಪಾ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಬೈಯಲಿ ಎಂದು ಕಾದೆ.

“ನೀವು ಕೂತು ನೋಡಿದ್ದೆಲ್ಲಾ ಬರೆದಿದೀರ. ಒಂದೂ ಬಿಟ್ಟಿಲ್ಲ” ಎಂದರು. ನನ್ನ ಕಡೆಯ ತಪ್ಪನ್ನು ಮುಚ್ಚುವ ದನಿಯಲ್ಲಿ, ನೆಂಟರು ಉಪ್ಪಿಲ್ಲದ ಸಾರನ್ನು ಚೆನ್ನಾಗಿದೆ ಎನ್ನುವ ಹಾಗೆ. ಆಮೇಲೆ ಉರ್ದುವಿನಲ್ಲಿ, ಬಲಗಡೆಯಿಂದ ನಿಧಾನವಾಗಿ ಸಹಿ ಮಾಡಿದರು.

ಮುಂದಿನ ತಿಂಗಳು ಆಪಾ ಕಂಟ್ರಾಕ್ಟರ್ ಪಟ್ಟಿಗೆ ಹೋದರು. ನಾನು ಪರ್ಮನೆಂಟ್ ಆದೆ.

ಸಹಿ ಮಾಡಿದ ಆ ದಿನ ಆಪಾ ಹಾಳೆ ನನ್ನ ಕೈಗೆ ಕೊಟ್ಟು, ಎದ್ದು ಗ್ಲೌಸ್ ಹಾಕಿಕೊಂಡರು. ಆಚೆ ಬದಿಯ ತೊಟ್ಟಿಯಲ್ಲಿ ಬೆಳಗಿನ ಎರಡನೇ ಆಪರೇಷನ್ನಿನ ಸಾಮಾನು ನೆನೆಯುತ್ತಿತ್ತು. ಬಾಗಿಲ ಹತ್ತಿರ ನಿಂತು, ನಾನು ಹೊರಗೆ ಹೋಗುವವರೆಗೆ ಕಾದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ನನಗೆ ತಲೆ ಸುತ್ತದಿರಲಿ ಎಂದು.