ಮೂಲೆಯ ಕಂಪ್ಯೂಟರಿನಲ್ಲಿ ಉಳಿದವನು

ಗಂಡ ಸತ್ತ ವರ್ಷವೇ, ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ, ಪವಿತ್ರಳ ಫೋನಿಗೆ ಒಂದು ಸೂಚನೆ ಬಂತು. ಅವಳು ಹಿಂದಿನ ದಿನ ಫೇಸ್‌ಬುಕ್ಕಿಗೆ ಹಾಕಿದ್ದ ನವಿಲುಬಣ್ಣದ ರವಿಕೆಯ ಫೋಟೋವನ್ನು ರವಿಚಂದ್ರ ಲೈಕ್ ಮಾಡಿದ್ದ.

ಪವಿತ್ರ ಹೊಲಿಗೆ ಯಂತ್ರದ ಪೆಡಲ್ ಮೇಲಿಂದ ಕಾಲು ತೆಗೆದಳು. ಹೆಸರು ಅವನದೇ. ಪುಟ್ಟ ವೃತ್ತದಲ್ಲಿದ್ದ ಮುಖವೂ ಅವನದೇ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಬೆವರುತ್ತ ನಗುತ್ತಿದ್ದಾಗ ಅವಳೇ ತೆಗೆದ ಚಿತ್ರ. ಮುಖದ ಕೆಳಗೆ ಒಂದು ಹಸಿರು ಚುಕ್ಕಿ ಉರಿಯುತ್ತಿತ್ತು. ಈಗ ಇಲ್ಲೇ ಇದ್ದಾನೆ ಎಂದು ಅದರ ಅರ್ಥ.

ಕೆಸರೆಯ ಆ ಬೀದಿಯಲ್ಲಿ ರವಿಕೆ ಹೊಲಿಸಬೇಕೆಂದರೆ ಹೆಂಗಸರು ಪವಿತ್ರಳ ಮನೆಗೇ ಬರುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ರವಿಚಂದ್ರ ಮಂಡಿ ಮೊಹಲ್ಲಾದ ಒಂದು ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ. ಯುಗಾದಿ ಕಳೆದ ವಾರವೇ, ತಾಮ್ರದ ತಂತಿ ಸುತ್ತುತ್ತಿದ್ದವನು ಹಾಗೆಯೇ ಮುಂದಕ್ಕೆ ಒರಗಿಬಿಟ್ಟಿದ್ದ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪವಿತ್ರ ಅತ್ತದ್ದನ್ನು ನೋಡಿದವರು ಕಡಿಮೆ. ಹದಿನೈದು ದಿನಕ್ಕೆ ಮತ್ತೆ ಯಂತ್ರದ ಮುಂದೆ ಕೂತಿದ್ದಳು. ರವಿಕೆಗಳ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕುವುದನ್ನು ಕಲಿಸಿದ್ದವನು ಅವನೇ, ಅದನ್ನೂ ಬಿಡಲಿಲ್ಲ. ಅವನಿದ್ದಾಗ ಪ್ರತಿ ಫೋಟೋಗೂ ಮೊದಲ ಲೈಕ್ ಅವನದೇ ಇರುತ್ತಿತ್ತು.

ಮಾರನೆಯ ದಿನ ಅವಳು ಕಾದಳು. ಬೆಳಗಿನ ಕೆಲಸ ಮುಗಿದು ಬೀದಿ ನಿಶ್ಶಬ್ದವಾಗುವ ಹೊತ್ತಿಗೆ ಚುಕ್ಕಿ ಹಸಿರಾಯಿತು. ಮಧ್ಯಾಹ್ನದ ಊಟದ ವೇಳೆಗೆ ಆರಿತು. ಅದರ ಮರುದಿನವೂ ಹಾಗೆಯೇ. ಅವನು ಕೆಲಸದ ನಡುವೆ ಚಹಾ ಕುಡಿಯುತ್ತ ಅವಳಿಗೆ ಫೋನ್ ಮಾಡುತ್ತಿದ್ದುದೂ ಅದೇ ಹೊತ್ತಿನಲ್ಲಿ.

ಅತ್ತೆ ಶಿವನಂಜಮ್ಮನಿಗೆ ಹೇಳದೆ ಇರಲಾಗಲಿಲ್ಲ. ಮುದುಕಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದಳು.

"ಅವ್ನಿಗಿನ್ನೂ ದಾರಿ ಸಿಕ್ಕಿಲ್ಲ ಕಣವ್ವ. ಎಲ್ಲೋ ನಿಂತ್ಬುಟ್ಟವ್ನೆ. ಎಂಗೆ ಬುಟ್ಟೋಯ್ತಾನೆ, ಎದೆ ತುಂಬ ಆಸೆ ಇತ್ತಲ್ಲ" ಎಂದಳು.

ಅಂದು ಮುದುಕಿ ಮಗನಿಗೆ ಇಷ್ಟವಾದ ಹುರುಳಿ ಬಸ್ಸಾರು ಮಾಡಿ, ಎಲೆಯ ಮೇಲೆ ಮುದ್ದೆ ಇಟ್ಟು ಹಿತ್ತಲಲ್ಲಿ ಎಡೆ ಹಾಕಿದಳು. ಪವಿತ್ರ ಒಳಗಿನಿಂದ ನೋಡುತ್ತಿದ್ದಳು. ಇಂಥದ್ದನ್ನೆಲ್ಲ ನಂಬುವವಳಲ್ಲ ಅವಳು. ಆದರೂ ಕಾಗೆ ಬಂದು ಕೂರುವವರೆಗೆ ಬಾಗಿಲಿನಿಂದ ಕದಲಲಿಲ್ಲ.

ವಾರ ಕಳೆಯಿತು. ಅವಳ ಹೊಲಿಗೆ ತಪ್ಪತೊಡಗಿತು. ಒಂದು ತೋಳನ್ನು ತಿರುಗಾಮುರುಗಾ ಜೋಡಿಸಿ ಪೂರ್ತಿ ಬಿಚ್ಚಬೇಕಾಯಿತು. ಚುಕ್ಕಿ ಹಸಿರಾದಾಗ ಮನೆಯಲ್ಲಿ ಯಾರೋ ಹಿಂದೆ ಬಂದು ನಿಂತಂತೆ ಕತ್ತು ಜುಮ್ಮೆನ್ನುತ್ತಿತ್ತು. ಆರಿದಾಗ ಮನೆ ಇನ್ನೊಮ್ಮೆ ಬರಿದಾಗುತ್ತಿತ್ತು. ಕೊನೆಗೆ ಒಂದು ದಿನ, ಚುಕ್ಕಿ ಉರಿಯುತ್ತಿದ್ದಾಗಲೇ, ಮೆಸೇಜು ಬರೆದಳು.

"ಚೆನ್ನಾಗಿದ್ದೀರಾ?"

ಕಳಿಸಿದ ಮೇಲೆ ನಾಚಿಕೆಯಾಯಿತು. ಅಳಿಸೋಣವೆಂದು ಬೆರಳಿಡುವಷ್ಟರಲ್ಲಿ ಅವನು ಅದನ್ನು ನೋಡಿದ ಗುರುತು ಮೂಡಿತು. ಆಮೇಲೆ ಒಂದು ಹೆಬ್ಬೆಟ್ಟು ಬಂತು. ನೀಲಿ ಹೆಬ್ಬೆಟ್ಟು, ಮೇಲಕ್ಕೆತ್ತಿದ್ದು. ಚೆನ್ನಾಗಿದ್ದೇನೆ ಎನ್ನುವ ಹಾಗೆ.

ಕಾಲೇಜಿನಿಂದ ಬಂದ ಮಗಳು ಸಿಂಚನ, ಅಮ್ಮ ಅಡುಗೆಮನೆಯ ನೆಲದ ಮೇಲೆ ಫೋನು ಎದೆಗೆ ಒತ್ತಿಕೊಂಡು ಕೂತಿರುವುದನ್ನು ಕಂಡಳು. ಎಲ್ಲ ಕೇಳಿಸಿಕೊಂಡಳು. ಮೊದಲು ಅವಳ ಮುಖವೂ ಬಿಳಿಚಿತು. ಆಮೇಲೆ ಬೀರು ತೆರೆದು ಅಪ್ಪನ ಫೋನನ್ನು ಹೊರತೆಗೆದು ಚಾರ್ಜಿಗೆ ಹಾಕಿದಳು. ಅದನ್ನು ತೆರೆಯಲು ಪರದೆಯ ಮೇಲೆ ಎಳೆಯಬೇಕಾದ ಗೆರೆ ಅವಳಿಗೆ ಗೊತ್ತಿತ್ತು. ಮನೆಯ ವೈಫೈಗೆ ಸೇರಿಸಿ ಫೇಸ್‌ಬುಕ್ಕಿನ ಸೆಟ್ಟಿಂಗ್ಸ್ ಒಳಗೆ ಹೋಗಿ, ಈ ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಜಾಗ ಹುಡುಕಿದಳು.

"ನೋಡಮ್ಮ, ಎರಡು ಕಡೆ ಇದೆ. ಒಂದು ಈ ಫೋನು. ಇನ್ನೊಂದು ವಿಂಡೋಸ್ ಕಂಪ್ಯೂಟರ್, ಕ್ರೋಮ್, ಮೈಸೂರು. ಅಪ್ಪ ಎಲ್ಲೋ ಕಂಪ್ಯೂಟರಲ್ಲಿ ಲಾಗಿನ್ ಆಗಿ ಲಾಗೌಟ್ ಮಾಡ್ದೆ ಬಂದಿದ್ದಾರೆ. ಈಗ ಯಾರೋ ಅದ್ರೊಳಗೆ ಕೂತಿದ್ದಾರೆ."

"ನಮ್ಮನೇಲಿ ಕಂಪ್ಯೂಟರೇ ಇಲ್ವಲ್ಲೇ."

"ಸೈಬರ್‌ಗೆ ಯಾವಾಗ್ಲಾದ್ರೂ ಹೋಗಿದ್ರಾ?"

ಪವಿತ್ರಳಿಗೆ ನೆನಪಾಯಿತು. ಚಳಿಗಾಲದಲ್ಲಿ ಅವನ ಫೋನಿನ ಗಾಜು ಒಡೆದು ರಿಪೇರಿಗೆ ಕೊಟ್ಟಿದ್ದಾಗ, ಯಾರೋ ಗಿರಾಕಿ ಮೆಸೆಂಜರಿನಲ್ಲಿ ಕಳಿಸಿದ್ದ ಪಂಪ್‌ಸೆಟ್ಟಿನ ಚಿತ್ರ ನೋಡಬೇಕೆಂದು ಅಂಗಡಿ ಪಕ್ಕದ ಸೈಬರ್‌ಗೆ ಹೋಗಿದ್ದ. ಮಾಲೀಕ ಕರೆಯುತ್ತಿದ್ದಾನೆಂದು ಅರ್ಧಕ್ಕೇ ಎದ್ದು ಓಡಿದೆ ಎಂದು ಸಂಜೆ ನಗುತ್ತ ಹೇಳಿದ್ದ.

"ಇಲ್ಲಿಂದ್ಲೇ ಲಾಗೌಟ್ ಮಾಡ್ಬಹುದು. ಒಂದು ಒತ್ತಿದ್ರೆ ಸಾಕು" ಎಂದಳು ಸಿಂಚನ. ಬೆರಳು ಪರದೆಯ ಹತ್ತಿರವಿತ್ತು.

"ಬೇಡ, ತಡಿ" ಎಂದು ಪವಿತ್ರ ಮಗಳ ಕೈ ಹಿಡಿದುಕೊಂಡಳು. "ನಾನು ಹೋಗಿ ನೋಡ್ಬೇಕು. ಯಾರು ಅಂತ ನೋಡ್ದೆ ನಂಗೆ ನಿದ್ದೆ ಬರಲ್ಲ ಕಣೆ."

ಮರುದಿನ ಚುಕ್ಕಿ ಹಸಿರಾಗುವ ಹೊತ್ತಿಗೆ ಅವಳು ಮಂಡಿ ಮೊಹಲ್ಲಾದಲ್ಲಿದ್ದಳು. ಈರುಳ್ಳಿ ಮೂಟೆ ಇಳಿಸುವವರ ನಡುವೆ ದಾರಿ ಮಾಡಿಕೊಂಡು, ಗಂಡನ ಅಂಗಡಿಯತ್ತ ಕಣ್ಣೆತ್ತದೆ, ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದಳು. ಮೇಲೆ ಜೆರಾಕ್ಸ್ ಯಂತ್ರದ ಬಿಸಿ ವಾಸನೆ, ಪ್ಲೈವುಡ್ ಅಡ್ಡಗೋಡೆಗಳ ನಡುವೆ ಐದಾರು ಕಂಪ್ಯೂಟರು. ಮಾಲೀಕ ವಾಗೀಶ ಯಾರದೋ ಅರ್ಜಿ ತುಂಬುತ್ತಿದ್ದ. ಅವಳು ತನ್ನ ಫೋನು ತೆರೆದು ನೋಡಿದಳು. ಚುಕ್ಕಿ ಉರಿಯುತ್ತಿತ್ತು. ಅಂದರೆ ಈ ಕೋಣೆಯಲ್ಲೇ ಎಲ್ಲೋ ರವಿಚಂದ್ರ ಕೂತಿದ್ದ.

ಒಂದೊಂದೇ ಅಡ್ಡಗೋಡೆಯ ಹಿಂದೆ ಇಣುಕಿದಳು. ಮೂಲೆಯ ಕಂಪ್ಯೂಟರಿನ ಮುಂದೆ ಬಿಳಿ ಅಂಗಿ, ದಪ್ಪ ಕನ್ನಡಕದ ಒಬ್ಬ ವೃದ್ಧರು ಪರದೆಗೆ ಮೂಗು ತಾಗಿಸುವಷ್ಟು ಬಾಗಿ ಕೂತಿದ್ದರು. ಪರದೆಯಲ್ಲಿ ಇಬ್ಬರು ಪೈಲ್ವಾನರು ಕೆಮ್ಮಣ್ಣಿನ ಮಟ್ಟಿಯ ಮೇಲೆ ಸೆಣಸುತ್ತಿದ್ದರು. ಮೇಲಿನ ಮೂಲೆಯಲ್ಲಿ, ಬೆಟ್ಟದ ಮೆಟ್ಟಿಲ ಮೇಲೆ ನಗುತ್ತಿದ್ದ ಮುಖ.

"ಅದು ನನ್ನ ಗಂಡ" ಎಂದಳು ಪವಿತ್ರ. ಧ್ವನಿ ಎಲ್ಲಿಂದಲೋ ಬಂದಂತಿತ್ತು.

ವೃದ್ಧರು ಬೆಚ್ಚಿ ತಿರುಗಿದರು. "ಯಾರಮ್ಮ? ಈ ಪೈಲ್ವಾನರಾ?"

"ಅಲ್ಲ ಸ್ವಾಮಿ. ಆ ಮೂಲೇಲಿರೋರು. ಅವರು ತೀರಿಕೊಂಡಿದ್ದಾರೆ. ನೀವು ಅವರ ಹೆಸರಲ್ಲಿ ಕೂತಿದ್ದೀರಿ."

ಅವರ ಹೆಸರು ಶಾಮಣ್ಣ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಈಚೆಗಷ್ಟೇ ಪಿಂಚಣಿಯ ಕೆಲಸಕ್ಕೆಂದು ಬರಲು ಶುರುಮಾಡಿ, ಮೂಲೆಯ ಕಂಪ್ಯೂಟರಿನಲ್ಲಿ ಕೂರುವುದು ರೂಢಿಯಾಗಿತ್ತು. ಅವರು ಹೇಳಿದ್ದನ್ನು ಕೇಳುತ್ತ ಪವಿತ್ರ ಗೋಡೆಗೆ ಒರಗಿದಳು. ಫೇಸ್‌ಬುಕ್ ಎಂದು ಒತ್ತಿದರೆ ಮೊದಲು ಆ ಮುಖ ಬರುತ್ತಿತ್ತಂತೆ. ಆ ಮುಖ ಒತ್ತಿದರೆ ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕಿಗಳು ತಾವೇ ತುಂಬಿಕೊಂಡು ಬಾಗಿಲು ತೆರೆಯುತ್ತಿತ್ತಂತೆ. ಫೇಸ್‌ಬುಕ್ ತೆರೆಯುವುದೇ ಹಾಗೆಂದು ಅವರು ತಿಳಿದಿದ್ದರು.

"ಕಂಪನಿಯವರೇ ಯಾರೋ ಇರಬೇಕು ಅಂದ್ಕೊಂಡಿದ್ದೆ ಕಣಮ್ಮ. ನಗುಮುಖ. ದಿನಾ ಒತ್ತೋಕೆ ಮುಂಚೆ ಒಂದು ನಮಸ್ಕಾರ ಹೇಳ್ತಿದ್ದೆ" ಎಂದರು ಶಾಮಣ್ಣ. ಕನ್ನಡಕ ತೆಗೆದು ಒರೆಸಿದರು. "ಚಿಕ್ಕಂದಿನಲ್ಲಿ ಗರಡಿ ಕಡೆ ತಲೆ ಹಾಕಿದ್ರೆ ನಮ್ಮಪ್ಪ ಹೊಡೀತಿದ್ರು. ಇಲ್ಲಿ ನೋಡಿದ್ರೆ ಬರೀ ಕುಸ್ತಿ. ನಾನು ಕೇಳದೇನೇ ಬರ್ತಿತ್ತು."

ರವಿಚಂದ್ರನಿಗೆ ಕುಸ್ತಿಯ ಹುಚ್ಚು. ದಸರೆ ಬಂದರೆ ಕುಸ್ತಿ ನೋಡಲು ಅಂಗಡಿಗೆ ರಜೆ ಹಾಕುತ್ತಿದ್ದ. ಅವನು ನೋಡಿ ನೋಡಿ ಮೆಚ್ಚಿದ್ದನ್ನೇ ಆ ಖಾತೆ ಈ ಮುದುಕರ ಮುಂದೆ ತಂದು ಬಡಿಸುತ್ತಿತ್ತು.

"ರವಿಕೆ ಫೋಟೋಗೆ ಲೈಕ್ ಒತ್ತಿದ್ದು?"

"ಚೆನ್ನಾಗಿತ್ತಮ್ಮ ಆ ಬಣ್ಣ."

"ನಾನೊಂದು ಮಾತು ಕೇಳಿದ್ದೆ. ಹೆಬ್ಬೆಟ್ಟು ಬಂತು."

ಶಾಮಣ್ಣ ಪರದೆಯ ಕೆಳಮೂಲೆಯತ್ತ ಕಣ್ಣು ಹಾಯಿಸಿದರು. "ಕೆಳಗೆ ಏನೋ ಪೆಟ್ಟಿಗೆ ಥರ ಎದ್ದು ಬಂದು ಕುಸ್ತಿಗೆ ಅಡ್ಡ ಆಯ್ತು. ಮುಚ್ಚೋಕೆ ಅಂತ ಎಲ್ಲೆಲ್ಲೋ ಒತ್ತಿದೆ. ಅದು ನೀವಾ?" ಎಂದವರ ಮುಖ ಕುಗ್ಗಿತು. "ಅಯ್ಯೋ ತಾಯಿ. ಎಂಥ ಕೆಲಸ ಮಾಡ್ಬಿಟ್ಟೆ."

ಅವರನ್ನು ಬೈಯಬೇಕೆಂದು ಬಂದಿದ್ದಳು ಪವಿತ್ರ. ಆದರೆ ಇರಲಿ ಬಿಡಿ ಎಂದಳು. ಮಾತು ಕೇಳಿ ಎದ್ದು ಬಂದ ವಾಗೀಶ ಒಂದು ಕ್ಷಣ ತಲೆ ತಗ್ಗಿಸಿ ನಿಂತ. "ರವಿಯಣ್ಣ ನಂಗೆ ಗೊತ್ತಿದ್ರು. ಅಕ್ಕ, ತಪ್ಪು ನಂದೂ ಇದೆ. ಗಿರಾಕಿ ಎದ್ದು ಹೋದ್ಮೇಲೆ ನಾನು ನೋಡ್ಬೇಕಿತ್ತು. ಕೆಟ್ಟೋರ ಕೈಗೆ ಸಿಕ್ಕಿದ್ರೆ ಅಣ್ಣನ ಹೆಸರಲ್ಲಿ ಊರೋರನ್ನೆಲ್ಲ ದುಡ್ಡು ಕೇಳ್ತಿದ್ರು. ಬನ್ನಿ, ತೆಗೆದುಬಿಡೋಣ."

ಶಾಮಣ್ಣ ಪಕ್ಕದ ಕುರ್ಚಿಗೆ ಸರಿದರು, ಅವಳು ಅವರ ಜಾಗದಲ್ಲಿ ಕೂತಳು. ಕುಸ್ತಿಯ ಕೆಳಗೆ ಅವಳದೇ ರವಿಕೆಗಳು ಸಾಲಾಗಿದ್ದವು. ಅವನು ಕೂತು ನೋಡುತ್ತಿದ್ದ ಕಡೆಯಿಂದ ತನ್ನ ಕೆಲಸವನ್ನು ಅವಳು ಎಂದೂ ನೋಡಿರಲಿಲ್ಲ. ಕೊನೆಯ ರವಿಕೆಯವರೆಗೆ ಸರಿಸಿ ನೋಡಿದಳು. ಆಮೇಲೆ ವಾಗೀಶ ತೋರಿಸಿದ ಕಡೆ ಒತ್ತಿದಳು. ಲಾಗೌಟ್.

ಪುಟ ಬದಲಾಯಿತು. ರವಿಚಂದ್ರನ ಮುಖ ಮಾತ್ರ ಹಾಗೆಯೇ ಉಳಿಯಿತು. ಈಗ ನಡುವೆ ಅವನೊಬ್ಬನೇ, ಮೊದಲಿಗಿಂತ ದೊಡ್ಡದಾಗಿ.

"ಹೋಗಿಲ್ವಲ್ಲ" ಎಂದಳು ಪವಿತ್ರ.

"ಲಾಗೌಟ್ ಒಂದೇ ಸಾಲದು ಅಕ್ಕ. ಈ ಕಂಪ್ಯೂಟರ್ ಮುಖ ನೆನಪಿಟ್ಕೊಂಡಿದೆ, ಪಾಸ್‌ವರ್ಡೂ ನೆನಪಿಟ್ಕೊಂಡಿದೆ. ಉಳಿಸ್ಲಾ ಅಂತ ಅವತ್ತು ಕೇಳಿರುತ್ತೆ, ಅಣ್ಣ ಅವಸರದಲ್ಲಿ ಹೂಂ ಅಂದಿರ್ತಾರೆ. ಮುಖದ ಮೂಲೇಲಿ ಸಣ್ಣ ಇಂಟು ಗುರುತಿದೆ ನೋಡಿ, ಅದನ್ನ ಒತ್ತಿ."

ಅವನ ಮುಖದ ಮೇಲೆ ಇಂಟು ಒತ್ತುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ. ಮಸಣದಲ್ಲಿ ಚಿತೆಗೆ ಬೆಂಕಿ ಇಟ್ಟದ್ದು ಮೈದುನ, ಅವಳು ಮನೆಯಲ್ಲಿದ್ದಳು. ಇದನ್ನು ಬೇರೆಯವರ ಕೈಗೆ ಕೊಡಲೂ ಮನಸ್ಸಾಗಲಿಲ್ಲ. ಶಾಮಣ್ಣ ಎದ್ದು ನಿಂತು ಕೈಮುಗಿದರು, ಪರದೆಗೋ ಅವಳಿಗೋ ತಿಳಿಯಲಿಲ್ಲ. ಪವಿತ್ರ ಕಣ್ಣು ಮುಚ್ಚದೆ, ನೋಡುತ್ತಲೇ ಒತ್ತಿದಳು. ಆ ಜಾಗ ಖಾಲಿಯಾಯಿತು.

ವಾಗೀಶ ಕ್ರೋಮ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ತೆರೆದು ರವಿಚಂದ್ರನದನ್ನು ಅಳಿಸಿದ. ಬೇರೆ ಎಷ್ಟೋ ಜನರದ್ದೂ ಅಲ್ಲಿತ್ತು. ಎಲ್ಲವನ್ನೂ ಅಳಿಸಿ, ಹಳೆಯ ಹಿಸ್ಟರಿ, ಕುಕ್ಕಿಗಳನ್ನು ತೆಗೆದು, ಇನ್ನು ಮೇಲೆ ಉಳಿಸುವ ಮಾತೇ ಎತ್ತದಂತೆ ಸೆಟ್ಟಿಂಗ್ ಬದಲಿಸಿದ. ಡೌನ್‌ಲೋಡ್ ಮಾಡಿದ ಕಡತಗಳ ನಡುವೆ ಪಂಪ್‌ಸೆಟ್ಟಿನ ಚಿತ್ರವೂ ಸಿಕ್ಕಿತು. ಅದನ್ನೂ ತೆಗೆದ. ಪವಿತ್ರ ಮನೆಗೆ ಫೋನ್ ಮಾಡಿದಳು. ಕಾಲೇಜಿಗೆ ಹೋಗದೆ ಕಾದಿದ್ದ ಸಿಂಚನ ಅಪ್ಪನ ಫೋನಿನಿಂದಲೇ ಪಾಸ್‌ವರ್ಡ್ ಬದಲಿಸಿ, ಬೇರೆಲ್ಲೂ ತೆರೆದಿಲ್ಲವೆಂದು ನೋಡಿ ಹೇಳಿದಳು.

ಅವಳು ಹೊರಡುವಾಗ ಶಾಮಣ್ಣ ಮತ್ತೆ ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದರು. ಅವರ ಪರದೆ ಖಾಲಿ. ಪವಿತ್ರ ಬಾಗಿಲವರೆಗೆ ಹೋಗಿ ತಿರುಗಿದಳು.

"ವಾಗೀಶಣ್ಣ, ಯಾರ ಹೆಸರೂ ಹಾಕ್ದೆ ಕುಸ್ತಿ ನೋಡೋಕೆ ಬರುತ್ತಾ?"

"ಯೂಟ್ಯೂಬಲ್ಲಿ ಬರುತ್ತೆ ಅಕ್ಕ, ಲಾಗಿನ್ ಬೇಕಿಲ್ಲ."

"ಹಾಕ್ಕೊಡಿ ಅವರಿಗೆ" ಎಂದಳು.

ಶಿವನಂಜಮ್ಮನಿಗೆ ಎಲ್ಲ ಬಿಡಿಸಿ ಹೇಳಿದಾಗ ಮುದುಕಿ ತಲೆಯಾಡಿಸಿದಳು. ಕಂಪ್ಯೂಟರು ಅವಳಿಗೆ ಅರ್ಥವಾಗಲಿಲ್ಲ, ಮಗ ಸಿಕ್ಕಿಹಾಕಿಕೊಂಡಿದ್ದ, ಸೊಸೆ ಹೋಗಿ ಬಿಡಿಸಿದಳು ಎಂಬುದಷ್ಟೇ ಅರ್ಥವಾಯಿತು. "ಒಳ್ಳೇದಾಯ್ತು ಬುಡು" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಮಾರನೆಯ ದಿನ, ಬೀದಿ ನಿಶ್ಶಬ್ದವಾಗುವ ಹೊತ್ತಿಗೆ, ಪವಿತ್ರ ಫೋನು ನೋಡಬಾರದೆಂದುಕೊಂಡೇ ನೋಡಿದಳು. ಅವನ ಮುಖದ ಕೆಳಗೆ ಏನೂ ಇರಲಿಲ್ಲ. ಇದೇ ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೂ ದಿನವೂ ಆ ಹೊತ್ತಿನಲ್ಲಿ ಅವಳ ಯಂತ್ರ ನಿಲ್ಲುತ್ತಿತ್ತು. ಈಗಲೂ, ಎಷ್ಟೋ ತಿಂಗಳಾದ ಮೇಲೂ, ರವಿಕೆ ಕೊಡಲು ಬಂದವರು ಆ ಹೊತ್ತಿನಲ್ಲಿ ಅವಳನ್ನು ಎರಡು ಸಲ ಕೂಗಬೇಕು.